ಐಸ್ ಬಾತ್‌ಗೆ ಇಳಿಯುವ ಮುನ್ನ: ನೀರು ಎಷ್ಟು ತಣ್ಣಗಿರಬೇಕು, ಮೊದಲ ಎರಡು ನಿಮಿಷ ಏನು ಮಾಡಬೇಕು

ಕಠಿಣ ಓಟ ಅಥವಾ ಪಂದ್ಯದ ನಂತರ ಐಸ್ ಹಾಕಿದ ನೀರಿನ ತೊಟ್ಟಿಯಲ್ಲಿ ಕೂರುವುದರ ಬಗ್ಗೆ ಕ್ರೀಡಾಪಟುಗಳೂ ಅವರ ತರಬೇತುದಾರರೂ ಕೇಳುವ ಪ್ರಶ್ನೆಗಳು ಹೆಚ್ಚು ಬದಲಾಗುವುದಿಲ್ಲ. ನೀರು ಎಷ್ಟು ಡಿಗ್ರಿ ಇರಬೇಕು, ಎಷ್ಟು ನಿಮಿಷ ಕೂರಬೇಕು, ಇನ್ನಷ್ಟು ಐಸ್ ಹಾಕಿದರೆ ಇನ್ನಷ್ಟು ಲಾಭವಿದೆಯೇ ಎಂಬ ಮೂರು ಪ್ರಶ್ನೆಗಳು ತಪ್ಪದೆ ಬರುತ್ತವೆ. ನೀರಿಗೆ ಇಳಿದ ಮೊದಲ ಎರಡು ನಿಮಿಷಗಳಲ್ಲಿ ಏನಾಗುತ್ತದೆ ಎಂಬ ನಾಲ್ಕನೆಯ ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ, ಆದರೆ ಅಪಾಯವೆಲ್ಲ ಹೆಚ್ಚಾಗಿ ಅಡಗಿರುವುದು ಅಲ್ಲಿಯೇ. ಈ ಲೇಖನದಲ್ಲಿ ನಾಲ್ಕಕ್ಕೂ ಉತ್ತರವಿದೆ. ಮನೆಯಲ್ಲಿ ಅಥವಾ ಮೈದಾನದ ಬದಿಯಲ್ಲಿ ತೊಟ್ಟಿಯೊಂದನ್ನು ಸಿದ್ಧಪಡಿಸಿಕೊಂಡು ಕಾಲುಗಳ ಆಯಾಸ ಕಡಿಮೆ ಮಾಡಿಕೊಳ್ಳಬೇಕೆನ್ನುವ ಆರೋಗ್ಯವಂತ ವಯಸ್ಕ ಕ್ರೀಡಾಪಟುವನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ನದಿ, ಕೆರೆ, ಸಮುದ್ರದ ತಣ್ಣೀರಿನಲ್ಲಿ ಈಜುವುದು ಬೇರೆಯದೇ ವಿಷಯ, ಅದರ ಅಪಾಯಗಳೂ ಹೆಚ್ಚು.

ಮೊದಲು ನೇರ ಉತ್ತರ. ಸಾಮಾನ್ಯವಾಗಿ ಬಳಸುವ ಉಪಯುಕ್ತ ವ್ಯಾಪ್ತಿ 10ರಿಂದ 15 ಡಿಗ್ರಿ ಸೆಲ್ಸಿಯಸ್, ಅವಧಿ 10ರಿಂದ 15 ನಿಮಿಷ. ಸ್ನಾಯುನೋವಿನ ಮೇಲೆ ಇದರ ಪರಿಣಾಮವನ್ನು ಅಳೆದ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ 11ರಿಂದ 15 ಡಿಗ್ರಿ ನೀರಿನಲ್ಲಿ 11ರಿಂದ 15 ನಿಮಿಷ ಕೂತವರಲ್ಲಿ ಫಲಿತಾಂಶ ಚೆನ್ನಾಗಿ ಕಂಡಿದೆ. 5 ಡಿಗ್ರಿಗೆ ಇಳಿಸುವುದರಿಂದ ಸ್ನಾಯುಗಳಿಗೆ ಹೆಚ್ಚಿನ ಉಪಕಾರವಾಗುತ್ತದೆ ಎಂದು ನಂಬಲು ಒಳ್ಳೆಯ ಆಧಾರವಿಲ್ಲ. ನೀರಿನಲ್ಲಿ ತೇಲುವ ಐಸ್ ತುಂಡುಗಳ ನಡುವೆ ಕಚ್ಚಿದ ಹಲ್ಲಿನಿಂದ ಕೂತವರ ಚಿತ್ರಗಳು ನೋಡಲು ರೋಚಕವಾಗಿರಬಹುದು, ಆದರೆ ಚಿಕಿತ್ಸೆಯ ಪ್ರಮಾಣ ಅದಲ್ಲ.

ಲಾಭ ಏನೆಂಬುದನ್ನೂ ಅಳತೆ ಮೀರದಂತೆ ಹೇಳಬೇಕು. ತಣ್ಣೀರು ಚರ್ಮದ ಮತ್ತು ಸ್ನಾಯುವಿನ ಉಷ್ಣಾಂಶವನ್ನು ಇಳಿಸುತ್ತದೆ, ರಕ್ತನಾಳಗಳನ್ನು ಕುಗ್ಗಿಸುತ್ತದೆ, ನರಗಳ ಮೂಲಕ ನೋವಿನ ಸಂದೇಶ ಸಾಗುವ ವೇಗವನ್ನು ತಗ್ಗಿಸುತ್ತದೆ. ಜೊತೆಗೆ ನೀರಿನ ಒತ್ತಡವು ಕಾಲುಗಳಲ್ಲಿ ಸೇರಿಕೊಂಡ ದ್ರವವನ್ನು ಮೇಲಕ್ಕೆ ತಳ್ಳಲು ನೆರವಾಗುತ್ತದೆ. ಇದರಿಂದ ವ್ಯಾಯಾಮದ ಮರುದಿನ ಮತ್ತು ಅದರ ಮರುದಿನ ಕಾಣಿಸಿಕೊಳ್ಳುವ ಸ್ನಾಯುನೋವು, ಅಂದರೆ ಕ್ರೀಡಾ ವೈದ್ಯರು ತಡವಾದ ಸ್ನಾಯುನೋವು ಎನ್ನುವುದು, ಸ್ವಲ್ಪ ಕಡಿಮೆಯಾಗುತ್ತದೆ. ಅದರಲ್ಲಿ ನಂಬಿಕೆಯ ಪಾಲೂ ಇದೆ. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕೆಲವರನ್ನು ತಣ್ಣೀರಿನಲ್ಲಿ ಕೂರಿಸಿ, ಇನ್ನು ಕೆಲವರನ್ನು ದೇಹಕ್ಕೆ ತಣ್ಣಗೂ ಬಿಸಿಯೂ ಅನಿಸದ ನೀರಿನಲ್ಲಿ ಕೂರಿಸಿ, ಆ ನೀರಿಗೆ ಬೆರೆಸಿದ ಸಾಮಾನ್ಯ ಸೋಪನ್ನೇ ಆಯಾಸ ಕಳೆಯುವ ವಿಶೇಷ ದ್ರವವೆಂದು ನಂಬಿಸಿದ್ದರು. ಎರಡೂ ಗುಂಪುಗಳ ಚೇತರಿಕೆ ಹೆಚ್ಚು ಕಡಿಮೆ ಒಂದೇ ರೀತಿ ಇತ್ತು. ಹಾಗೆಂದು ಐಸ್ ಬಾತ್ ವ್ಯರ್ಥವೆಂದು ನಾನು ಹೇಳುವುದಿಲ್ಲ, ಆದರೆ ಇಷ್ಟು ಮಿತವಾದ ಲಾಭಕ್ಕಾಗಿ ಜೀವಕ್ಕೆ ಅಪಾಯ ತಂದುಕೊಳ್ಳುವುದರಲ್ಲಿ ಅರ್ಥವಿಲ್ಲ.

ಶೀತಾಘಾತ ಎಂದರೇನು

ತಣ್ಣೀರಿಗೆ ಇಳಿದಾಗ ದೇಹ ಕೊಡುವ ಮೊದಲ ಪ್ರತಿಕ್ರಿಯೆಗೆ ಕೋಲ್ಡ್ ಶಾಕ್ ಅಥವಾ ಶೀತಾಘಾತ ಎಂದು ಹೆಸರು. ಇದನ್ನು ಹೈಪೋಥರ್ಮಿಯಾ, ಅಂದರೆ ದೇಹದ ಒಳಗಿನ ಉಷ್ಣಾಂಶ 35 ಡಿಗ್ರಿಗಿಂತ ಕೆಳಗಿಳಿಯುವ ಸ್ಥಿತಿಯೊಂದಿಗೆ ಗೊಂದಲ ಮಾಡಿಕೊಳ್ಳಬಾರದು. ಹೈಪೋಥರ್ಮಿಯಾ ಬರಲು ಸಾಕಷ್ಟು ಸಮಯ ಬೇಕು, ವಯಸ್ಕರಲ್ಲಿ ಬಹುಮಟ್ಟಿಗೆ ಅರ್ಧ ಗಂಟೆಗಿಂತ ಹೆಚ್ಚು. ಶೀತಾಘಾತ ಬರುವುದು ಚರ್ಮಕ್ಕೆ ನೀರು ತಾಗಿದ ಕ್ಷಣದಲ್ಲಿ. ಅದು ಮೊದಲ ಅರ್ಧ ನಿಮಿಷದಲ್ಲಿ ತಾರಕಕ್ಕೆ ಏರಿ, ಎರಡು ಮೂರು ನಿಮಿಷಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಇಂಗ್ಲೆಂಡಿನ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದ ಶರೀರವಿಜ್ಞಾನಿ ಮೈಕ್ ಟಿಪ್ಟನ್ ಅವರ ದೀರ್ಘಕಾಲದ ಸಂಶೋಧನೆಯಿಂದಾಗಿ, ತಣ್ಣೀರಿನ ಸಾವುಗಳನ್ನೆಲ್ಲ ಹೈಪೋಥರ್ಮಿಯಾದ ಲೆಕ್ಕಕ್ಕೆ ಹಾಕುವ ಹಳೆಯ ರೂಢಿ ಬದಲಾಗಿದೆ.

ಆ ಮೊದಲ ಅರ್ಧ ನಿಮಿಷದಲ್ಲಿ ಎರಡು ಸಂಗತಿಗಳು ಏಕಕಾಲಕ್ಕೆ ನಡೆಯುತ್ತವೆ. ಒಂದು ಉಸಿರಾಟಕ್ಕೆ ಸಂಬಂಧಿಸಿದ್ದು. ಚರ್ಮದ ಮೇಲ್ಪದರದಲ್ಲಿರುವ ಶೀತಗ್ರಾಹಕ ನರತುದಿಗಳು ಒಮ್ಮೆಲೇ ಕೆರಳುವುದರಿಂದ, ನಿಮ್ಮ ಇಚ್ಛೆಯನ್ನು ಕೇಳದೆಯೇ ಎದೆ ದೊಡ್ಡದೊಂದು ಉಸಿರನ್ನು ಗಕ್ಕನೆ ಒಳಗೆಳೆದುಕೊಳ್ಳುತ್ತದೆ. ಈ ಏದುಸಿರಿನ ಗಾತ್ರ ಎರಡು ಮೂರು ಲೀಟರ್‌ನಷ್ಟಿರಬಹುದು. ಆ ಕ್ಷಣದಲ್ಲಿ ಬಾಯಿ ನೀರಿನೊಳಗೆ ಇದ್ದರೆ ಶ್ವಾಸಕೋಶಕ್ಕೆ ಹೋಗುವುದು ಗಾಳಿಯಲ್ಲ. ನಂತರ ಉಸಿರಾಟ ವೇಗವಾಗಿ, ಹಿಡಿತಕ್ಕೆ ಸಿಗದಂತೆ ನಡೆಯುತ್ತದೆ. ಸಾಮಾನ್ಯ ಸ್ಥಿತಿಯಲ್ಲಿ ಒಂದು ನಿಮಿಷ ಉಸಿರು ಕಟ್ಟಬಲ್ಲವರೂ ಆಗ ಕೆಲವೇ ಸೆಕೆಂಡು ಕಟ್ಟಲಾರರು. ಹೀಗೆ ಅತಿಯಾಗಿ ಉಸಿರಾಡುವುದರಿಂದ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ, ಮೆದುಳಿಗೆ ಹೋಗುವ ರಕ್ತದ ಹರಿವು ತಗ್ಗಿ, ತಲೆ ಸುತ್ತುವುದು ಮತ್ತು ಬೆರಳು, ತುಟಿಗಳು ಜುಮ್ಮೆನ್ನುವುದು ಶುರುವಾಗುತ್ತದೆ.

ಇನ್ನೊಂದು ಹೃದಯಕ್ಕೆ ಸಂಬಂಧಿಸಿದ್ದು. ಚರ್ಮದ ರಕ್ತನಾಳಗಳು ಒಟ್ಟಿಗೆ ಬಿಗಿದುಕೊಳ್ಳುತ್ತವೆ, ಹೃದಯ ಬಡಿತ ಏರುತ್ತದೆ, ರಕ್ತದೊತ್ತಡ ಜಿಗಿಯುತ್ತದೆ. ಗೊತ್ತಿಲ್ಲದೆ ಹೃದಯದ ರಕ್ತನಾಳ ಕಿರಿದಾಗಿರುವ ವ್ಯಕ್ತಿಗೆ ಇಷ್ಟೇ ಸಾಕಾಗಬಹುದು. ಇದೇ ಹೊತ್ತಿಗೆ ಮುಖವನ್ನೂ ನೀರಿನಲ್ಲಿ ಮುಳುಗಿಸಿದರೆ ತೊಡಕು ಇನ್ನೊಂದು ಕಡೆಯಿಂದ ಬರುತ್ತದೆ. ಮುಖಕ್ಕೆ ತಣ್ಣೀರು ತಾಗಿ ಉಸಿರು ನಿಂತಾಗ ಹೃದಯವನ್ನು ನಿಧಾನಗೊಳಿಸುವ ಸಹಜ ವ್ಯವಸ್ಥೆಯೊಂದು ನಮ್ಮಲ್ಲಿದೆ, ಅದಕ್ಕೆ ಡೈವಿಂಗ್ ಪ್ರತಿಕ್ರಿಯೆ ಎನ್ನುತ್ತಾರೆ. ಮೈಯ ಚರ್ಮ ಹೃದಯಕ್ಕೆ ಓಡು ಎನ್ನುತ್ತಿರುವಾಗಲೇ ಮುಖ ನಿಲ್ಲು ಎನ್ನುತ್ತದೆ. ಈ ಎರಡು ವಿರುದ್ಧ ಆಜ್ಞೆಗಳ ನಡುವೆ ಸಿಕ್ಕ ಹೃದಯದ ಲಯ ತಪ್ಪಬಹುದು, ಅದು ಆರೋಗ್ಯವಂತ ಯುವಕರಲ್ಲಿಯೂ ಪ್ರಯೋಗಾಲಯದಲ್ಲಿ ಕಂಡುಬಂದಿದೆ. ತಲೆಯನ್ನು ಮುಳುಗಿಸಬೇಡಿ ಎಂದು ಮುಂದೆ ಹೇಳುವುದಕ್ಕೆ ಇದೇ ಕಾರಣ.

ಇಲ್ಲಿ ಓದುಗರು ಗಮನಿಸಬೇಕಾದ ಮುಖ್ಯ ಸಂಗತಿಯೊಂದಿದೆ. ಶೀತಾಘಾತ 25 ಡಿಗ್ರಿಗಿಂತ ತಣ್ಣಗಿನ ನೀರಿನಲ್ಲಿಯೇ ಆರಂಭವಾಗುತ್ತದೆ, ಮತ್ತು ಉಸಿರಾಟದ ಪ್ರತಿಕ್ರಿಯೆ 10ರಿಂದ 15 ಡಿಗ್ರಿಯ ನಡುವೆ ಎಲ್ಲೋ ತನ್ನ ಗರಿಷ್ಠ ಮಟ್ಟವನ್ನು ತಲುಪಿಬಿಡುತ್ತದೆ. ಅಂದರೆ ಸ್ನಾಯುಗಳಿಗೆ ಉಪಯುಕ್ತವಾದ ಉಷ್ಣಾಂಶವೂ ಉಸಿರು ಕಸಿಯುವ ಉಷ್ಣಾಂಶವೂ ಒಂದೇ. ‘ನಾವು ಐಸ್ ಕಡಿಮೆ ಹಾಕಿದ್ದೇವೆ, 14 ಡಿಗ್ರಿ ಇದೆ, ಆದ್ದರಿಂದ ಧುಮುಕಿದರೂ ಏನೂ ಆಗುವುದಿಲ್ಲ’ ಎನ್ನುವ ಲೆಕ್ಕಾಚಾರ ಈ ಕಾರಣಕ್ಕೆ ತಪ್ಪು. ನಿಮ್ಮನ್ನು ಕಾಪಾಡುವುದು ನೀವು ಇಳಿಯುವ ರೀತಿಯೇ ಹೊರತು ಥರ್ಮಾಮೀಟರ್‌ನ ಅಂಕಿಯಲ್ಲ, ಏಕೆಂದರೆ ಆಘಾತದ ತೀವ್ರತೆ ಚರ್ಮ ಎಷ್ಟು ವೇಗವಾಗಿ ತಣಿಯುತ್ತದೆ ಮತ್ತು ಒಮ್ಮೆಗೆ ಎಷ್ಟು ಚರ್ಮ ತಣಿಯುತ್ತದೆ ಎಂಬುದನ್ನು ಅವಲಂಬಿಸಿದೆ.

ಈಗ ಹಂತಗಳಿಗೆ ಬರೋಣ. ಅರ್ಥವಾಗಲೆಂದು ಒಂದು ಉದಾಹರಣೆಯನ್ನು ಉದ್ದಕ್ಕೂ ಇಟ್ಟುಕೊಳ್ಳುತ್ತೇನೆ: 800 ಮೀಟರ್ ಓಟಗಾರ್ತಿಯೊಬ್ಬರಿಗೆ ಇಂದು ಸಂಜೆ 6ಕ್ಕೆ ಅರ್ಹತಾ ಸುತ್ತು, ನಾಳೆ ಸಂಜೆ 6ಕ್ಕೆ ಫೈನಲ್.

ಹಂತ 1. ಇಂದು ಐಸ್ ಬಾತ್ ಬೇಕೇ ಎಂದು ನಿರ್ಧರಿಸಿ

ನಮ್ಮ ಓಟಗಾರ್ತಿಗೆ ಬೇಕು, ಏಕೆಂದರೆ 24 ಗಂಟೆಯೊಳಗೆ ಮತ್ತೆ ಓಡಬೇಕಿದೆ, ಮತ್ತು ಆಕೆಗೆ ಸದ್ಯ ಬೇಕಾಗಿರುವುದು ಚೇತರಿಕೆ, ಹೊಸ ಬಲವಲ್ಲ. ಒಂದು ವೇಳೆ ಫೈನಲ್ ಅದೇ ಸಂಜೆ 7.30ಕ್ಕೆ ಇದ್ದಿದ್ದರೆ ಬೇಡ ಎನ್ನುತ್ತಿದ್ದೆ. ತಣಿದ ಸ್ನಾಯು ನಿಧಾನವಾಗಿ ಸಂಕುಚಿಸುತ್ತದೆ, ಐಸ್ ಬಾತ್ ಮುಗಿದ ಸ್ವಲ್ಪ ಹೊತ್ತಿನಲ್ಲೇ ವೇಗದ ಓಟಕ್ಕೆ ನಿಂತರೆ ಸಾಮರ್ಥ್ಯ ಇಳಿದಿರುತ್ತದೆ.

ಬೇಡವೆನ್ನಬೇಕಾದ ಇನ್ನೊಂದು ಸಂದರ್ಭ ಭಾರ ಎತ್ತುವ ತರಬೇತಿಯ ಅವಧಿ. 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 12 ವಾರಗಳ ಕಾಲ ಕಾಲುಗಳ ಬಲವರ್ಧನೆಯ ವ್ಯಾಯಾಮ ಮಾಡಿದ ಪುರುಷರಲ್ಲಿ, ಪ್ರತಿ ಬಾರಿ ವ್ಯಾಯಾಮದ ನಂತರ ಸುಮಾರು 10 ಡಿಗ್ರಿ ನೀರಿನಲ್ಲಿ 10 ನಿಮಿಷ ಕೂತವರ ಸ್ನಾಯುಗಾತ್ರ ಮತ್ತು ಬಲ, ಲಘುವಾಗಿ ಸೈಕಲ್ ತುಳಿದವರಿಗಿಂತ ಕಡಿಮೆ ಬೆಳೆದವು. ಸ್ನಾಯು ಬೆಳೆಯಲು ಬೇಕಾದ ಸಂಕೇತಗಳನ್ನೇ ಶೀತ ಮಂಕಾಗಿಸುತ್ತದೆ. ಆದ್ದರಿಂದ ಸ್ಪರ್ಧೆ ದೂರವಿರುವ, ಬಲ ಕೂಡಿಸುವ ತಿಂಗಳುಗಳಲ್ಲಿ ಪ್ರತಿದಿನ ತೊಟ್ಟಿಗೆ ಇಳಿಯುವುದು ನೀವು ಬೆವರು ಸುರಿಸಿ ಗಳಿಸಿದ್ದನ್ನು ನೀವೇ ಸೋರಿಬಿಟ್ಟಂತೆ. ಸತತ ಪಂದ್ಯಗಳಿರುವ ವಾರಗಳಿಗೆ ಇದನ್ನು ಮೀಸಲಿಡಿ.

ಹಂತ 2. ಇಳಿಯಬಾರದವರು ಯಾರು ಎಂದು ನೋಡಿಕೊಳ್ಳಿ

ಹೃದ್ರೋಗ, ಹೃದಯದ ಲಯದ ತೊಂದರೆ, ಹತೋಟಿಗೆ ಬಾರದ ರಕ್ತದೊತ್ತಡ ಇರುವವರು, ಗರ್ಭಿಣಿಯರು, ಮೂರ್ಛೆರೋಗ ಇರುವವರು ವೈದ್ಯರ ಒಪ್ಪಿಗೆಯಿಲ್ಲದೆ ಇಳಿಯಬಾರದು. ಕುಟುಂಬದಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡಿದ್ದರೆ ಅಥವಾ ಓಡುವಾಗ ನಿಮಗೆ ಎಂದಾದರೂ ಪ್ರಜ್ಞೆ ತಪ್ಪಿದ್ದರೆ ಅದನ್ನೂ ವೈದ್ಯರಿಗೆ ಹೇಳಿ. ತಣ್ಣಗಾದಾಗ ಬೆರಳುಗಳು ಬಿಳುಚಿಕೊಂಡು ಮರಗಟ್ಟುವ ರೇನೋ ತೊಂದರೆ ಇರುವವರು, ತಣ್ಣೀರು ತಾಗಿದರೆ ಮೈಮೇಲೆ ದದ್ದು ಏಳುವವರು, ಮಧುಮೇಹದಿಂದ ಪಾದಗಳ ಸ್ಪರ್ಶಜ್ಞಾನ ಕುಂದಿರುವವರು ಕೂಡ ಇದೇ ಸಾಲಿಗೆ ಸೇರುತ್ತಾರೆ. ಜ್ವರ, ತೆರೆದ ಗಾಯ, ಮದ್ಯ ಸೇವನೆ ಇದ್ದ ದಿನ ಆರೋಗ್ಯವಂತರಿಗೂ ಬೇಡ.

ಮಕ್ಕಳನ್ನು ಕೂರಿಸಬೇಡಿ. ಅವರ ಮೈಯ ತೂಕಕ್ಕೆ ಹೋಲಿಸಿದರೆ ಚರ್ಮದ ವಿಸ್ತಾರ ಹೆಚ್ಚು, ಆದ್ದರಿಂದ ಬೇಗ ತಣಿಯುತ್ತಾರೆ. ತೆಳ್ಳಗಿನ ಮೈಕಟ್ಟಿನ ವಯಸ್ಕರಿಗೂ ಇದೇ ಮಾತು ಸ್ವಲ್ಪ ಮಟ್ಟಿಗೆ ಅನ್ವಯಿಸುತ್ತದೆ. ದೂರದ ಓಟಗಾರರು ದಪ್ಪ ಮೈಯ ಎಸೆತಗಾರರ ಅವಧಿಯನ್ನು ಅನುಕರಿಸಬಾರದು.

ಹಂತ 3. ನೀರನ್ನು ಸಿದ್ಧಪಡಿಸಿ

ಬೇಕಾದ ಸಾಮಗ್ರಿ ಹೆಚ್ಚೇನಿಲ್ಲ: ಸೊಂಟದವರೆಗೆ ಮುಳುಗಿ ಕೂರಲು ಸಾಕಾಗುವ ತೊಟ್ಟಿ, ನೀರಿನ ಥರ್ಮಾಮೀಟರ್, ಐಸ್, ಕಾಣುವಂತೆ ಇಟ್ಟ ಗಡಿಯಾರ, ಒಣ ಟವೆಲ್, ಬೆಚ್ಚನೆಯ ಬಟ್ಟೆ, ಮತ್ತು ಪಕ್ಕದಲ್ಲಿ ನಿಂತು ನೋಡಿಕೊಳ್ಳುವ ಇನ್ನೊಬ್ಬರು. ಈ ಕೊನೆಯದು ಐಚ್ಛಿಕವಲ್ಲ. ಒಬ್ಬರೇ ಇದ್ದರೆ ಅಂದು ಐಸ್ ಬಾತ್ ಇಲ್ಲ ಎಂದುಕೊಳ್ಳಿ.

ಐಸ್ ಎಷ್ಟು ಬೇಕೆಂದು ಊಹಿಸುವ ಬದಲು ಲೆಕ್ಕ ಹಾಕಬಹುದು. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಇಳಿಸಲು ತೆಗೆಯಬೇಕಾದ ಶಾಖ ಒಂದು ಕಿಲೋಕ್ಯಾಲೊರಿ. ಒಂದು ಕಿಲೋ ಐಸ್ ಕರಗುವಾಗ 80 ಕಿಲೋಕ್ಯಾಲೊರಿ ಹೀರಿಕೊಳ್ಳುತ್ತದೆ, ಕರಗಿದ ನೀರು ನಿಮ್ಮ ಗುರಿಯ ಉಷ್ಣಾಂಶಕ್ಕೆ ಬೆಚ್ಚಗಾಗುವಾಗ ಇನ್ನಷ್ಟು ಹೀರಿಕೊಳ್ಳುತ್ತದೆ. ಆದ್ದರಿಂದ ನೀರಿನ ಲೀಟರ್‌ಗಳನ್ನು ಇಳಿಸಬೇಕಾದ ಡಿಗ್ರಿಗಳಿಂದ ಗುಣಿಸಿ, ಬಂದದ್ದನ್ನು 80 ಮತ್ತು ಗುರಿಯ ಉಷ್ಣಾಂಶದ ಮೊತ್ತದಿಂದ ಭಾಗಿಸಿದರೆ ಐಸ್‌ನ ಕಿಲೋ ಸಿಗುತ್ತದೆ.

ನಮ್ಮ ಓಟಗಾರ್ತಿಯ ತೊಟ್ಟಿಯಲ್ಲಿ 200 ಲೀಟರ್ ನೀರಿದೆ, ಅದರ ಉಷ್ಣಾಂಶ 27 ಡಿಗ್ರಿ, ಗುರಿ 13 ಡಿಗ್ರಿ ಎಂದಿಟ್ಟುಕೊಳ್ಳಿ. ಇಳಿಸಬೇಕಾದದ್ದು 14 ಡಿಗ್ರಿ. 200ನ್ನು 14ರಿಂದ ಗುಣಿಸಿದರೆ 2800, ಅದನ್ನು 93ರಿಂದ ಭಾಗಿಸಿದರೆ ಸುಮಾರು 30 ಕಿಲೋ. ಇದೇ ನೀರನ್ನು 5 ಡಿಗ್ರಿಗೆ ಇಳಿಸಬೇಕಾದರೆ ಸುಮಾರು 52 ಕಿಲೋ ಬೇಕಾಗುತ್ತದೆ. ಹೆಚ್ಚುವರಿ 22 ಕಿಲೋ ಐಸ್‌ನಿಂದ ಆಕೆಗೆ ಸಿಗುವುದು ಹೆಚ್ಚು ನೋವು ಮತ್ತು ಹೆಚ್ಚು ಅಪಾಯ, ಅಷ್ಟೆ. ಕರಗಿದ ಐಸ್ ಕೂಡ 30 ಲೀಟರ್ ನೀರೇ ಆದ್ದರಿಂದ ತೊಟ್ಟಿಯಲ್ಲಿ ಅದಕ್ಕೂ, ಮೈ ಇಳಿದಾಗ ಏರುವ ನೀರಿಗೂ ಜಾಗ ಬಿಟ್ಟಿರಬೇಕು. ಸುತ್ತಲಿನ ಗಾಳಿ ಬೆಚ್ಚಗಿದ್ದರೆ ನೀರು ಮೆಲ್ಲಗೆ ಬಿಸಿಯಾಗುತ್ತದೆ, ನಾಲ್ಕೈದು ಕಿಲೋ ಐಸ್ ಪಕ್ಕದಲ್ಲಿರಲಿ.

ಇಲ್ಲಿ ಆಗುವ ಸಾಮಾನ್ಯ ತಪ್ಪು ಕಲಕದೆ ಅಳೆಯುವುದು. ಐಸ್ ತೇಲುತ್ತದೆ, ಅದರಿಂದ ಇಳಿದ ತಣ್ಣನೆಯ ನೀರು ತಳಕ್ಕೆ ಹೋಗುತ್ತದೆ, ನಡುವಿನಲ್ಲಿ ಇನ್ನೊಂದೇ ಉಷ್ಣಾಂಶ ಇರುತ್ತದೆ. ಐಸ್ ಹಾಕಿದ ಮೇಲೆ ಅದು ಪೂರ್ತಿ ಕರಗುವವರೆಗೆ ಆಗಾಗ ಕಲಕಿ, ನಂತರ ತಳದಲ್ಲಿಯೂ ಮೇಲ್ಭಾಗದಲ್ಲಿಯೂ ಅಳೆದು, ಎರಡೂ ಅಂಕಿ ಹೊಂದಿಕೆಯಾದ ಮೇಲೆಯೇ ಇಳಿಯಬೇಕು. ಕೈ ಅದ್ದಿ ಅಂದಾಜು ಮಾಡಬೇಡಿ, ಬಿಸಿಲಿನಲ್ಲಿ ಓಡಿ ಬಂದವರ ಕೈಗೆ 18 ಡಿಗ್ರಿಯೂ ಕೊರೆಯುತ್ತದೆ. ತೊಟ್ಟಿಯಲ್ಲಿ ಕರಗದ ಐಸ್ ಉಳಿದಿದ್ದರೆ ಅದು ಚರ್ಮಕ್ಕೆ ಒತ್ತಿಕೊಂಡು ಕೂರದಂತೆ ಪಕ್ಕಕ್ಕೆ ಸರಿಸಿ, ಶೀತದಿಂದಲೂ ಚರ್ಮ ಸುಟ್ಟಂತೆ ಗಾಯವಾಗುತ್ತದೆ.

ಮನೆಯ ಡೀಪ್ ಫ್ರೀಜರ್‌ನಲ್ಲಿ ನೀರು ತುಂಬಿ ಅದರೊಳಗೆ ಕೂರುವ ಉಪಾಯವೊಂದು ಹಬ್ಬಿದೆ. ವಿದ್ಯುತ್ ಸಂಪರ್ಕವಿರುವ, ಮುಚ್ಚಳ ಬೀಳಬಹುದಾದ ಪೆಟ್ಟಿಗೆಯಲ್ಲಿ ಒದ್ದೆ ಮೈಯಲ್ಲಿ ಕೂರುವುದನ್ನು ನಾನು ಯಾರಿಗೂ ಸೂಚಿಸಲಾರೆ.

ಹಂತ 4. ಇಳಿಯುವುದು ಮತ್ತು ಮೊದಲ ಎರಡು ನಿಮಿಷ

ಓಟ ಮುಗಿದ ತಕ್ಷಣ ಇಳಿಯಬೇಡಿ. ಓಟದಿಂದ ಬಂದ ಏದುಸಿರು ಇನ್ನೂ ಇರುವಾಗ ನೀರಿಗೆ ಇಳಿದರೆ, ಉಸಿರು ಕಟ್ಟುತ್ತಿರುವುದು ಆಯಾಸದಿಂದಲೋ ಶೀತಾಘಾತದಿಂದಲೋ ಎಂಬುದು ನಿಮಗೂ ತಿಳಿಯುವುದಿಲ್ಲ, ಪಕ್ಕದಲ್ಲಿ ನಿಂತವರಿಗೂ ತಿಳಿಯುವುದಿಲ್ಲ. ನಮ್ಮ ಓಟಗಾರ್ತಿ ಹತ್ತು ನಿಮಿಷ ನಿಧಾನವಾಗಿ ಓಡಿ, ಸ್ವಲ್ಪ ನೀರು ಕುಡಿದು, ಬೆವರು ತೊಳೆದುಕೊಂಡು, 6.30ರ ಸುಮಾರಿಗೆ ತೊಟ್ಟಿಯ ಬಳಿ ಬರುತ್ತಾರೆ. ಆ ಹೊತ್ತಿಗೆ ಸಹಜವಾಗಿ ಮಾತನಾಡುವಷ್ಟು ಉಸಿರು ಮರಳಿರಬೇಕು.

ಈಗ ಪಾದ ಮತ್ತು ಕಣಕಾಲು ಇಳಿಸಿ, ಸುಮಾರು ಅರ್ಧ ನಿಮಿಷ ನಿಲ್ಲಿ. ನಂತರ ಮಂಡಿಯವರೆಗೆ, ಮತ್ತೆ ಅಷ್ಟೇ ಹೊತ್ತು. ನಂತರ ತೊಟ್ಟಿಯ ಅಂಚನ್ನು ಎರಡೂ ಕೈಗಳಲ್ಲಿ ಹಿಡಿದು ನಿಧಾನವಾಗಿ ಕುಳಿತು, ಸೊಂಟದವರೆಗೆ ಇಳಿಯಿರಿ. ಕುಳಿತುಕೊಳ್ಳುವ ಕ್ಷಣದಲ್ಲಿ ಉಸಿರನ್ನು ಬಾಯಿಯಿಂದ ಹೊರಕ್ಕೆ ಬಿಡುತ್ತಿರಿ, ಒಳಗೆಳೆದು ಬಿಗಿಹಿಡಿಯಬೇಡಿ. ಏದುಸಿರು ಬಂದೇ ಬರುತ್ತದೆ. ಅದನ್ನು ತಡೆಯಲು ಹೋರಾಡದೆ, ಪ್ರತಿ ಬಾರಿ ಹೊರಗೆ ಬಿಡುವ ಉಸಿರನ್ನು ಮಾತ್ರ ಸ್ವಲ್ಪ ಉದ್ದ ಮಾಡಲು ಪ್ರಯತ್ನಿಸಿ. ಎದೆ, ಹೊಟ್ಟೆ ಮತ್ತು ಬೆನ್ನು ಹೊರಗಿದ್ದಷ್ಟೂ ಆಘಾತದ ತೀವ್ರತೆ ಕಡಿಮೆ. ಓಟಗಾರರಿಗೆ ಬೇಕಾಗಿರುವುದು ಕಾಲು ತಣಿಯುವುದಾದ್ದರಿಂದ ಸೊಂಟದ ಮಟ್ಟ ಸಾಕು.

ಮೂರು ಕೆಲಸಗಳನ್ನು ಯಾವ ಕಾರಣಕ್ಕೂ ಮಾಡಬಾರದು. ಧುಮುಕಬಾರದು. ತಲೆ ಅಥವಾ ಮುಖವನ್ನು ಮುಳುಗಿಸಬಾರದು. ಇಳಿಯುವ ಮೊದಲಾಗಲಿ, ನೀರಿನಲ್ಲಾಗಲಿ, ವೇಗವಾಗಿ ಉಸಿರಾಡಿ ನಂತರ ಉಸಿರು ಕಟ್ಟುವ ಪ್ರಾಣಾಯಾಮದಂಥ ಅಭ್ಯಾಸಗಳನ್ನು ಮಾಡಬಾರದು. ವೇಗದ ಉಸಿರಾಟವು ಇಂಗಾಲದ ಡೈಆಕ್ಸೈಡನ್ನು ಇಳಿಸಿ, ಉಸಿರು ಬೇಕೆಂಬ ಎಚ್ಚರಿಕೆಯನ್ನೇ ಅಳಿಸಿಹಾಕುತ್ತದೆ. ಮುನ್ಸೂಚನೆಯಿಲ್ಲದೆ ಪ್ರಜ್ಞೆ ತಪ್ಪಿದವರು ಸೊಂಟದಷ್ಟು ನೀರಿನಲ್ಲಿಯೂ ಮುಳುಗುತ್ತಾರೆ. ಆ ಅಭ್ಯಾಸಗಳಲ್ಲಿ ನಿಮಗೆ ನಂಬಿಕೆಯಿದ್ದರೆ ಒಣ ನೆಲದ ಮೇಲೆ, ಬೇರೆ ಹೊತ್ತಿನಲ್ಲಿ ಮಾಡಿಕೊಳ್ಳಿ.

ಆಘಾತ ಇಳಿಯಿತೇ ಎಂದು ತಿಳಿಯಲು ಸುಲಭದ ಪರೀಕ್ಷೆಯಿದೆ: ಒಂದೇ ಉಸಿರಿನಲ್ಲಿ ಒಂದರಿಂದ ಹತ್ತರವರೆಗೆ ಗಟ್ಟಿಯಾಗಿ ಎಣಿಸಿ. ಮೊದಲ ಅರ್ಧ ನಿಮಿಷದಲ್ಲಿ ಮೂರು ನಾಲ್ಕಕ್ಕೇ ಉಸಿರು ಕಡಿಯಬಹುದು. ನಮ್ಮ ಓಟಗಾರ್ತಿ ಕುಳಿತ ಒಂದೂವರೆ ನಿಮಿಷಕ್ಕೆ ಹತ್ತನ್ನು ಮುಟ್ಟಿದರೆ ಅದು ನಿರೀಕ್ಷಿತ. ಮೂರು ನಿಮಿಷ ಕಳೆದರೂ ಹತ್ತು ಮುಟ್ಟದಿದ್ದರೆ ಹೊರಬರಬೇಕು, ಅಂದಿನ ಮಟ್ಟಿಗೆ ಮುಗಿಯಿತು. ಎದೆನೋವು, ಎದೆಯಲ್ಲಿ ಅಡ್ಡಾದಿಡ್ಡಿ ಬಡಿತ, ಕಣ್ಣು ಕತ್ತಲೆ ಬರುವುದು ಇವುಗಳಲ್ಲಿ ಯಾವುದು ಕಂಡರೂ ಮೂರು ನಿಮಿಷ ಕಾಯಬೇಡಿ, ತಕ್ಷಣ ಹೊರಬಂದು ಮಲಗಿ, ವೈದ್ಯಕೀಯ ನೆರವು ಕರೆಸಿ.

ಹಂತ 5. ಕುಳಿತಿರುವ ಹೊತ್ತು

ಉಸಿರು ಹತೋಟಿಗೆ ಬಂದ ಮೇಲೆ ಉಳಿದ ಭಾಗ ಬೇಸರದ್ದೇ ಹೊರತು ಕಷ್ಟದ್ದಲ್ಲ. 13 ಡಿಗ್ರಿಯಲ್ಲಿ 10ರಿಂದ 12 ನಿಮಿಷ ಸಾಕು, 10 ಡಿಗ್ರಿಯಲ್ಲಿ 10 ನಿಮಿಷ ಮೀರಬೇಡಿ, 15 ಡಿಗ್ರಿಯಲ್ಲಿ 15 ನಿಮಿಷದವರೆಗೆ ಹೋಗಬಹುದು. ಗಡಿಯಾರವನ್ನು ಪಕ್ಕದವರು ನೋಡಲಿ.

ಕದಲದೆ ಕುಳಿತಾಗ ಚರ್ಮದ ಸುತ್ತ ತೆಳುವಾದ ಬೆಚ್ಚನೆಯ ನೀರಿನ ಪದರ ಕಟ್ಟಿಕೊಳ್ಳುತ್ತದೆ. ಕಾಲು ಅಲ್ಲಾಡಿಸಿದ ಕೂಡಲೇ ಅದು ಚದುರಿ ಮತ್ತೆ ಕೊರೆಯುತ್ತದೆ. ನೀರನ್ನು ಪಂಪ್ ಮೂಲಕ ಸುತ್ತಿಸುವ ಯಂತ್ರವಿರುವ ತೊಟ್ಟಿಗಳು ಅದೇ ಡಿಗ್ರಿಯಲ್ಲಿಯೂ ಹೆಚ್ಚು ತಣ್ಣಗೆ ಅನಿಸುವುದಕ್ಕೆ ಕಾರಣ ಇದೇ. ಅಂಥ ತೊಟ್ಟಿಯಲ್ಲಿ ಗುರಿಯನ್ನು ಒಂದೆರಡು ಡಿಗ್ರಿ ಮೇಲಿಟ್ಟುಕೊಳ್ಳುವುದು ಒಳ್ಳೆಯದು.

ಗಮನಿಸಬೇಕಾದ ಚಿಹ್ನೆಗಳು ಕೆಲವೇ. ಸಣ್ಣ ನಡುಕ ಸಹಜ, ಆದರೆ ತಡೆಯಲಾಗದ ನಡುಕ ಬಂದರೆ ಸಮಯ ಮುಗಿಯದಿದ್ದರೂ ಏಳಬೇಕು. ಚರ್ಮ ಕೆಂಪಗಾಗುವುದು ಸಹಜ, ಮೇಣದಂತೆ ಬಿಳುಚಿಕೊಂಡು ಸ್ಪರ್ಶವೇ ತಿಳಿಯದಂತಾಗುವುದು ಸಹಜವಲ್ಲ. ಮಾತು ತೊದಲಿದರೆ, ಕೇಳಿದ ಪ್ರಶ್ನೆಗೆ ಉತ್ತರ ತಡವಾದರೆ, ಅದನ್ನು ಕೂತವರು ತಾವಾಗಿ ಗುರುತಿಸಲಾರರು, ಹೊರಗೆ ನಿಂತವರು ಗುರುತಿಸಬೇಕು. ಅದಕ್ಕಾಗಿಯೇ ಆಗಾಗ ಮಾತನಾಡಿಸುತ್ತಿರಬೇಕು. ನಮ್ಮ ಓಟಗಾರ್ತಿಗೆ ಒಂಬತ್ತನೆಯ ನಿಮಿಷಕ್ಕೆ ನಡುಕ ಜೋರಾದರೆ ಒಂಬತ್ತಕ್ಕೇ ಏಳಲಿ. ಹನ್ನೆರಡು ಪೂರ್ಣಗೊಳಿಸಿದ್ದರೆ ಸಿಗುತ್ತಿದ್ದ ಹೆಚ್ಚುವರಿ ಲಾಭ ನಾಳೆಯ ಓಟದಲ್ಲಿ ಕಾಣುವಷ್ಟು ದೊಡ್ಡದಲ್ಲ.

ಹಂತ 6. ಹೊರಬರುವುದು

ಮರಗಟ್ಟಿದ ಪಾದಗಳ ಮೇಲೆ ಒದ್ದೆ ನೆಲದಲ್ಲಿ ನಿಲ್ಲುವುದೆಂದರೆ ಜಾರಿ ಬೀಳಲು ಹೇಳಿಮಾಡಿಸಿದ ಸಂದರ್ಭ. ನೀರಿನಿಂದ ಎದ್ದಾಗ ಕಾಲುಗಳ ಮೇಲಿದ್ದ ನೀರಿನ ಒತ್ತಡವೂ ಒಮ್ಮೆಲೇ ಇಲ್ಲವಾಗುವುದರಿಂದ ತಲೆ ಸುತ್ತಬಹುದು. ಮೊದಲು ಅಂಚಿನ ಮೇಲೆ ಕುಳಿತು, ಅರ್ಧ ನಿಮಿಷ ಬಿಟ್ಟು, ಕೈಹಿಡಿಯಲು ಒಬ್ಬರಿರುವಾಗ ಇಳಿಯಿರಿ. ಮೈ ಒರೆಸಿ, ಒದ್ದೆ ಬಟ್ಟೆ ಬದಲಿಸಿ, ಬೆಚ್ಚಗೆ ಹೊದ್ದುಕೊಳ್ಳಿ.

ಹೊರಬಂದ ಮೇಲೆಯೂ ತಣಿಯುವುದು ನಿಲ್ಲುವುದಿಲ್ಲ. ತಣಿದ ಕಾಲುಗಳಿಂದ ರಕ್ತ ಒಳಗೆ ಮರಳುತ್ತಿರುವಾಗ, ಮತ್ತು ಒಳಗಿನ ಶಾಖ ತಣಿದ ಹೊರಪದರಗಳಿಗೆ ಹರಿಯುತ್ತಿರುವಾಗ ದೇಹದ ಒಳಗಿನ ಉಷ್ಣಾಂಶ ಇನ್ನೂ ಸ್ವಲ್ಪ ಹೊತ್ತು ಇಳಿಯುತ್ತದೆ. ಇದಕ್ಕೆ ಆಫ್ಟರ್‌ಡ್ರಾಪ್ ಎನ್ನುತ್ತಾರೆ. ನೀರಿನಲ್ಲಿ ಚೆನ್ನಾಗಿಯೇ ಇದ್ದವರು ಹತ್ತು ಹದಿನೈದು ನಿಮಿಷದ ನಂತರ ನಡುಗಲು ಶುರುಮಾಡುವುದು ಇದರಿಂದಲೇ. ಆ ಹೊತ್ತಿನಲ್ಲಿ ವಾಹನ ಓಡಿಸಬೇಡಿ. ತಕ್ಷಣ ಬಿಸಿನೀರಿನ ಸ್ನಾನಕ್ಕೂ ಹೋಗಬೇಡಿ: ಬಿಗಿದ ರಕ್ತನಾಳಗಳು ಒಮ್ಮೆಗೇ ಸಡಿಲವಾಗಿ ರಕ್ತದೊತ್ತಡ ಕುಸಿದು ಪ್ರಜ್ಞೆ ತಪ್ಪಬಹುದು, ಮರಗಟ್ಟಿದ ಚರ್ಮಕ್ಕೆ ನೀರಿನ ಬಿಸಿ ತಿಳಿಯದೆ ಸುಡಲೂಬಹುದು. ಬೆಚ್ಚನೆಯ ಪಾನೀಯ ಕುಡಿದು ಅರ್ಧ ಗಂಟೆ ಆರಾಮವಾಗಿ ಓಡಾಡಿಕೊಂಡಿದ್ದರೆ ಸಾಕು.

ಹಂತ 7. ಹೊಸಬರಾದರೆ ಒಂದೆರಡು ವಾರ ಮೊದಲೇ ಆರಂಭಿಸಿ

ಇದನ್ನು ಕೊನೆಗೆ ಇಟ್ಟಿದ್ದೇನಾದರೂ ಕಾಲಕ್ರಮದಲ್ಲಿ ಇದೇ ಮೊದಲಿನದು. ಸ್ಪರ್ಧೆಯ ದಿನವೇ ಜೀವನದ ಮೊದಲ ಐಸ್ ಬಾತ್ ಆಗಬಾರದು. ದೇಹ ಶೀತಾಘಾತಕ್ಕೆ ಆಶ್ಚರ್ಯವಾಗುವಷ್ಟು ಬೇಗ ಒಗ್ಗಿಕೊಳ್ಳುತ್ತದೆ. ಎರಡು ಮೂರು ನಿಮಿಷದ ಐದಾರು ಸಲದ ನಿಮಜ್ಜನಗಳಿಂದ ಏದುಸಿರು ಮತ್ತು ಹೃದಯ ಬಡಿತದ ಏರಿಕೆ ಸುಮಾರು ಅರ್ಧದಷ್ಟು ತಗ್ಗುತ್ತವೆ ಎಂದು ಪ್ರಯೋಗಗಳು ತೋರಿಸಿವೆ, ಆ ಒಗ್ಗುವಿಕೆ ಹಲವು ತಿಂಗಳು ಒಂದಿಷ್ಟಾದರೂ ಉಳಿಯುತ್ತದೆ. ಮೊದಲ ದಿನ 18 ಡಿಗ್ರಿಯಲ್ಲಿ ಎರಡು ಮೂರು ನಿಮಿಷ ಸಾಕು. ಒಂದೆರಡು ದಿನ ಬಿಟ್ಟು 16, ನಂತರ 15 ಡಿಗ್ರಿ, ಆಮೇಲೆ ಅವಧಿಯನ್ನು ಐದು ನಿಮಿಷಕ್ಕೆ, ಎಂಟು ನಿಮಿಷಕ್ಕೆ ಏರಿಸಿ. ಒಂದು ಬಾರಿಗೆ ಉಷ್ಣಾಂಶವನ್ನಾಗಲಿ ಅವಧಿಯನ್ನಾಗಲಿ ಬದಲಿಸಿ, ಎರಡನ್ನೂ ಒಟ್ಟಿಗೆ ಬದಲಿಸಬೇಡಿ. ಒಗ್ಗಿಕೊಂಡವರಲ್ಲಿಯೂ ಆಘಾತ ಪೂರ್ತಿ ಇಲ್ಲವಾಗುವುದಿಲ್ಲ, ಆದ್ದರಿಂದ ನಾಲ್ಕನೆಯ ಹಂತದ ನಿಯಮಗಳು ನೂರನೆಯ ಐಸ್ ಬಾತ್‌ಗೂ ಹಾಗೆಯೇ ಇರುತ್ತವೆ.

ಒಂದು ಅಪವಾದ

ಮೇಲಿನ ಯಾವ ಹಂತವೂ ಶಾಖಾಘಾತಕ್ಕೆ, ಅಂದರೆ ಹೀಟ್ ಸ್ಟ್ರೋಕ್‌ಗೆ, ಅನ್ವಯಿಸುವುದಿಲ್ಲ. ಬಿಸಿಲಿನ ಓಟದಲ್ಲಿ ಕುಸಿದುಬಿದ್ದ ಕ್ರೀಡಾಪಟುವಿನ ಮೈ ಕಾದಿದ್ದು, ಆತ ಗೊಂದಲದಿಂದ ಮಾತನಾಡುತ್ತಿದ್ದರೆ ಅಥವಾ ಪ್ರಜ್ಞೆ ತಪ್ಪಿದ್ದರೆ, ಒಳಗಿನ ಉಷ್ಣಾಂಶ 40 ಡಿಗ್ರಿ ಮೀರಿರಬಹುದು. ಆಗ ಹಂತಹಂತವಾಗಿ ಇಳಿಸುತ್ತ ಕೂರಲು ಸಮಯವಿಲ್ಲ. ಆಂಬ್ಯುಲೆನ್ಸ್ ಕರೆಸಿ, ಅದು ಬರುವುದನ್ನು ಕಾಯದೆ ಕುತ್ತಿಗೆಯವರೆಗೂ ಐಸ್ ನೀರಿನಲ್ಲಿ ಮುಳುಗಿಸಿ, ತಲೆ ಮುಳುಗದಂತೆ ಹಿಂದಿನಿಂದ ಕಂಕುಳ ಕೆಳಗೆ ಟವೆಲ್ ಹಾಕಿ ಒಬ್ಬರು ಹಿಡಿದಿರಬೇಕು, ಇನ್ನೊಬ್ಬರು ನೀರನ್ನು ಕಲಕುತ್ತಿರಬೇಕು. ಮೈದಾನದಲ್ಲಿ ವೈದ್ಯಕೀಯ ಸಿಬ್ಬಂದಿ ಇದ್ದರೆ ಅವರು ಗುದದ್ವಾರದಲ್ಲಿ ಅಳೆದ ಉಷ್ಣಾಂಶ 39 ಡಿಗ್ರಿಯ ಹತ್ತಿರ ಇಳಿದ ಮೇಲೆ ಹೊರತೆಗೆಯುತ್ತಾರೆ, ಆಸ್ಪತ್ರೆಗೆ ಸಾಗಿಸುವುದು ಅದರ ನಂತರ. ಇಲ್ಲಿ ಶೀತಾಘಾತದ ಅಪಾಯಕ್ಕಿಂತ ತಡಮಾಡುವುದರ ಅಪಾಯವೇ ದೊಡ್ಡದು.